'ನಾಳೆ ರಜೆ' ಅನ್ನುವ ಪೋಸ್ಟ್ ಯಾವತ್ತಿನದು?

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ ತಿಂಗಳ ಒಂದು ಮಂಗಳವಾರ ಸಂಜೆ ಅಂದುಕೊಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆ. ಮಳೆ ಒಂದೇ ಸಮನೆ ಹೊಡೆಯುತ್ತಿದೆ. ಮಗಳಿಗೆ ನಾಳೆ ಶಾಲೆ ಇದೆಯೋ ಇಲ್ಲವೋ ತಿಳಿಯಬೇಕು. ಅಮ್ಮ ಫೋನ್ ತೆಗೆದು ಇನ್‌ಸ್ಟಾಗ್ರಾಮ್ ತೆರೆಯುತ್ತಾರೆ. ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ದೊಡ್ಡ ಅಕ್ಷರದ ಒಂದು ಪೋಸ್ಟ್ ಕಾಣುತ್ತದೆ: ಭಾರೀ ಮಳೆ, ನಾಳೆ ಶಾಲೆಗಳಿಗೆ ರಜೆ. ಅದಕ್ಕೆ ರಾಶಿ ಲೈಕ್, ರಾಶಿ ಕಾಮೆಂಟ್. ಸರಿ, ರಜೆ ಅಂತ ಅಮ್ಮ ಫೋನ್ ಇಡುತ್ತಾರೆ.

ಆ ಪೋಸ್ಟ್ ಸುಳ್ಳಲ್ಲ. ಆದರೆ ಅದು ಬಂದಿದ್ದು ಸೋಮವಾರ ಸಂಜೆ. ಅದು ಹೇಳುವ 'ನಾಳೆ' ಅಂದರೆ ಮಂಗಳವಾರ, ಅದು ಮುಗಿದೇ ಹೋಯಿತು. ಜೊತೆಗೆ ಕೆಳಗೆ ಸಣ್ಣ ಅಕ್ಷರದಲ್ಲಿ ಹೊಸನಗರ, ಸಾಗರ ತಾಲ್ಲೂಕು ಅಂತ ಇತ್ತು. ನಮ್ಮ ಜಿಲ್ಲೆಯಲ್ಲಿ ಮಳೆ ರಜೆ ಎಷ್ಟೋ ಸಲ ತಾಲ್ಲೂಕುವಾರು ಬರುತ್ತದೆ, ನಿಮಗೆ ಗೊತ್ತೇ ಇದೆ.

ಯಾರೂ ಸುಳ್ಳು ಹೇಳದೆಯೂ ತಪ್ಪು ಸುದ್ದಿ ಮನೆಗೆ ಬಂತು. ಹೇಗೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದನ್ನೇ.

ಇನ್‌ಸ್ಟಾಗ್ರಾಮ್ ತೆರೆದ ಕೂಡಲೇ ಕಾಣುವ ಮೊದಲ ಪುಟ ಶಿಫಾರಸಿನ ಫೀಡ್. ಅದರಲ್ಲಿ ನೀವು ಫಾಲೋ ಮಾಡಿದವರ ಪೋಸ್ಟ್ ಇರುತ್ತದೆ, ಮಾಡದವರದ್ದೂ ಇರುತ್ತದೆ, ನಡುವೆ ಜಾಹೀರಾತೂ ಇರುತ್ತದೆ. ಇವನ್ನು ಬಂದ ಹೊತ್ತಿನ ಪ್ರಕಾರ ಜೋಡಿಸುವುದಿಲ್ಲ. ಈ ಪೋಸ್ಟ್ ಮೇಲೆ ನೀವು ಕೆಲವು ಸೆಕೆಂಡ್ ನಿಲ್ಲುತ್ತೀರಾ, ಲೈಕ್ ಒತ್ತುತ್ತೀರಾ, ಕಾಮೆಂಟ್ ಹಾಕುತ್ತೀರಾ, ಇನ್ನೊಬ್ಬರಿಗೆ ಕಳಿಸುತ್ತೀರಾ, ಹಾಕಿದವರ ಫೋಟೋ ಒತ್ತಿ ಅವರ ಪುಟಕ್ಕೆ ಹೋಗುತ್ತೀರಾ ಅಂತ ಆಪ್ ಅಂದಾಜು ಮಾಡುತ್ತದೆ. ಆ ಅಂದಾಜಿನ ಪ್ರಕಾರ ಪೋಸ್ಟ್‌ಗಳನ್ನು ಮೇಲೆ ಕೆಳಗೆ ಮಾಡುತ್ತದೆ. ಪೋಸ್ಟ್ ಎಷ್ಟು ಹೊಸದು ಅನ್ನುವುದೂ ಲೆಕ್ಕದಲ್ಲಿ ಇರುತ್ತದೆ, ಆದರೆ ಅದು ಹಲವು ಲೆಕ್ಕಗಳಲ್ಲಿ ಒಂದು ಮಾತ್ರ.

ಈಗ ರಜೆಯ ಪೋಸ್ಟ್ ಯಾಕೆ ಮೇಲೆ ಬಂತು ಅಂತ ತಿಳಿಯುತ್ತದೆ. ಎಲ್ಲರೂ ಅದನ್ನು ನೋಡಿದರು, ಎಲ್ಲರೂ ಹಂಚಿದರು. ಹಾಗಾಗಿ ಒಂದು ದಿನ ಕಳೆದರೂ ಅದಕ್ಕೆ ಬಲ ಇತ್ತು. 'ನಾಳೆ' ಅನ್ನುವ ಮಾತಿನ ಅವಧಿ ಮುಗಿಯಿತು ಅಂತ ಆ ಅಂದಾಜಿಗೆ ತಿಳಿಯಲಿಲ್ಲ. ರಜೆಗೆ ಮಾತ್ರ ಅಲ್ಲ, ಅಡಿಕೆ ದರಕ್ಕೂ ಇದೇ ಗತಿ. ಮೊನ್ನೆಯ ರಾಶಿ ಅಡಿಕೆ ದರ ಇವತ್ತು ಬೆಳಿಗ್ಗೆ ಮೇಲೆ ಬಂದು ಕೂತಿರುತ್ತದೆ. ಇನ್ನೆರಡು ದಿನ ಹೊಳವು ಅನ್ನುವ ಹಳೆಯ ಪೋಸ್ಟ್ ನಂಬಿ ಕೊಳೆರೋಗಕ್ಕೆ ಔಷಧಿ ಹೊಡೆಸಿದರೆ, ಬೋರ್ಡೋ ದ್ರಾವಣ ಗೊನೆಯ ಮೇಲೆ ಒಣಗುವ ಮೊದಲೇ ಮಳೆ ತೊಳೆದುಬಿಡಬಹುದು. ಸುಣ್ಣ, ಮೈಲುತುತ್ತ, ಕೊನೆಗಾರರ ಕೂಲಿ ಎಲ್ಲವೂ ನಷ್ಟ.

ಇದಕ್ಕೆ ಆಪ್‌ನಲ್ಲೇ ಒಂದು ದಾರಿ ಇದೆ. 2022ರ ಮಾರ್ಚ್‌ನಲ್ಲಿ ಇನ್‌ಸ್ಟಾಗ್ರಾಮ್ ಎರಡು ಬೇರೆ ಫೀಡ್‌ಗಳನ್ನು ಕೊಟ್ಟಿತು. ಒಂದರ ಹೆಸರು ಫಾಲೋಯಿಂಗ್, ಇನ್ನೊಂದು ಫೇವರಿಟ್ಸ್. ಮೊದಲ ಪುಟದ ಮೇಲೆ ಇನ್‌ಸ್ಟಾಗ್ರಾಮ್ ಅಂತ ಹೆಸರು ಬರೆದಿರುತ್ತದಲ್ಲ, ಅದನ್ನು ಒತ್ತಿದರೆ ಈ ಎರಡು ಹೆಸರು ಇಳಿದು ಬರುತ್ತವೆ. ಆಪ್‌ನ ಆವೃತ್ತಿ ಬದಲಾದಂತೆ ಈ ಗುಂಡಿಯ ಜಾಗ ಬದಲಾಗಬಹುದು, ಅದೇ ಹೆಸರನ್ನು ಹುಡುಕಿ. ಎರಡರಲ್ಲೂ ಪೋಸ್ಟ್‌ಗಳು ಹೊತ್ತಿನ ಪ್ರಕಾರ ಬರುತ್ತವೆ. ಈಗ ಹಾಕಿದ್ದು ಮೇಲೆ, ಹಳೆಯದು ಕೆಳಗೆ.

ಅದೇ ಅಮ್ಮ ಅದೇ ಸಂಜೆ ಫಾಲೋಯಿಂಗ್ ಒತ್ತಿದರು ಅಂದುಕೊಳ್ಳಿ. ಜಿಲ್ಲಾಡಳಿತದ ಪುಟವನ್ನು ಅವರು ಫಾಲೋ ಮಾಡಿದ್ದಾರೆ. ಮಂಗಳವಾರ ಸಂಜೆ ಏಳಕ್ಕೆ ಆ ಪುಟದಲ್ಲಿ ಹೊಸ ಆದೇಶ ಬಂದಿದ್ದರೆ, ಅದು ಏಳು ಗಂಟೆಯ ಜಾಗದಲ್ಲೇ ಸಿಗುತ್ತದೆ. ಸೋಮವಾರದ್ದು ತುಂಬಾ ಕೆಳಗೆ ಹೋಗಿರುತ್ತದೆ. ಗೊಂದಲ ಕಡಿಮೆ.

ಹಾಗಂತ ಫಾಲೋಯಿಂಗ್ ಎಲ್ಲವನ್ನೂ ತೋರಿಸುತ್ತದೆ ಅಂದುಕೊಳ್ಳಬೇಡಿ. ಅದು ಬಿಡುವುದೂ ಬಹಳ ಇದೆ. ಆಗುಂಬೆ ಘಾಟಿಯಲ್ಲಿ ಮರ ಬಿತ್ತು, ಬಸ್ಸಿನಲ್ಲಿದ್ದ ಒಬ್ಬ ಹುಡುಗ ವಿಡಿಯೋ ಹಾಕಿದ ಅಂತಿಟ್ಟುಕೊಳ್ಳಿ. ನೀವು ಆ ಹುಡುಗನನ್ನು ಫಾಲೋ ಮಾಡಿಲ್ಲ. ಹಾಗಾಗಿ ಫಾಲೋಯಿಂಗ್‌ನಲ್ಲಿ ಆ ವಿಡಿಯೋ ಬರುವುದೇ ಇಲ್ಲ. ಅದು ನಿಮಗೆ ಸಿಕ್ಕರೆ ಶಿಫಾರಸಿನ ಫೀಡ್‌ನಲ್ಲೇ ಸಿಗಬೇಕು. ಗುರುತಿಲ್ಲದವರ ಸುದ್ದಿ ತರುವುದು ಶಿಫಾರಸಿನ ದೊಡ್ಡ ಗುಣ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಮಲೆನಾಡಿನಲ್ಲಿ ಒಂದು ರಸ್ತೆ ಕಟ್ಟಾದಾಗ ಮೊದಲು ತಿಳಿಯುವುದು ಅಲ್ಲಿ ಸಿಕ್ಕಿಬಿದ್ದವರಿಗೇ ಅಲ್ವಾ? ಅವರು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ.

ಫಾಲೋಯಿಂಗ್‌ಗೆ ಇನ್ನೊಂದು ತೊಂದರೆ ಇದೆ. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನೀವು 300 ಖಾತೆ ಫಾಲೋ ಮಾಡಿದ್ದೀರಿ ಅಂತಿರಲಿ. ಅದರಲ್ಲಿ ಹತ್ತು ಸುದ್ದಿ ಪುಟ, ಸಿನಿಮಾ ಪುಟ. ಒಂದೊಂದೂ ದಿನಕ್ಕೆ 15 ಪೋಸ್ಟ್ ಹಾಕಿದರೆ 150 ಆಯಿತು. ಉಳಿದ 290 ಜನ, ನೆಂಟರು, ಗೆಳೆಯರು, ಎಲ್ಲ ಸೇರಿ ದಿನಕ್ಕೆ 30 ಪೋಸ್ಟ್ ಹಾಕುತ್ತಾರೆ ಅನ್ನಿ. ಹೊತ್ತಿನ ಪ್ರಕಾರ ಜೋಡಿಸಿದರೆ ಆರು ಪೋಸ್ಟ್‌ಗೆ ಒಂದು ಮಾತ್ರ ನಿಮ್ಮವರದ್ದು. ನೀವು ರಾತ್ರಿ ಊಟ ಮುಗಿಸಿ 20 ಪೋಸ್ಟ್ ನೋಡಿ ಮಲಗಿದರೆ, ಬೆಳಿಗ್ಗೆ ಕೊಪ್ಪದ ಚಿಕ್ಕಮ್ಮ ಹಾಕಿದ ಮೊಮ್ಮಗುವಿನ ಫೋಟೋ ನಿಮಗೆ ಕಾಣುವುದೇ ಇಲ್ಲ. ಯಾರೂ ಅದನ್ನು ಮರೆ ಮಾಡಲಿಲ್ಲ. ಜಾಸ್ತಿ ಮಾತಾಡುವವರ ಕೆಳಗೆ ಅದು ಹೂತುಹೋಯಿತು, ಅಷ್ಟೇ.

2016ರವರೆಗೆ ಇನ್‌ಸ್ಟಾಗ್ರಾಮ್ ಇದ್ದಿದ್ದೇ ಹೀಗೆ, ಬರೀ ಹೊತ್ತಿನ ಪ್ರಕಾರ. ಆ ವರ್ಷ ಜೋಡಣೆ ಬದಲಿಸುವಾಗ ಕಂಪನಿ ಒಂದು ಕಾರಣ ಕೊಟ್ಟಿತು. ಜನ ತಮ್ಮ ಫೀಡ್‌ನ ಸರಾಸರಿ 70 ಶೇಕಡಾ ಪೋಸ್ಟ್‌ಗಳನ್ನು ನೋಡದೆ ಬಿಡುತ್ತಿದ್ದಾರೆ ಅಂತ. ಆ ತೊಂದರೆ ನಿಜವೇ. ಆದರೆ ಅದಕ್ಕೆ ಕೊಟ್ಟ ಪರಿಹಾರದಿಂದ ಹೊತ್ತಿನ ಲೆಕ್ಕ ಕೈತಪ್ಪಿತು ಅನ್ನುವುದು ನನ್ನ ಅಭಿಪ್ರಾಯ.

ಪುಟ ಜಾಸ್ತಿ ಗದ್ದಲ ಮಾಡಿದರೆ ಫಾಲೋ ಬಿಡದೆಯೇ ಅದನ್ನು ಮ್ಯೂಟ್ ಮಾಡಬಹುದು. ಆಮೇಲೆ ಅದರ ಪೋಸ್ಟ್‌ಗಳು ಫೀಡ್‌ಗೆ ಬರುವುದಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಬೇಸಿಗೆಯಲ್ಲಿ ಬೇಜಾರಾಗಿ ಒಂದು ಸುದ್ದಿ ಪುಟವನ್ನು ಮ್ಯೂಟ್ ಮಾಡಿರುತ್ತೀರಿ, ಮಳೆಗಾಲದಲ್ಲಿ ಅದೇ ಪುಟ ಬೇಕಾಗುತ್ತದೆ. ಫಾಲೋ ಮಾಡಿದ್ದೀನಲ್ಲ, ಬಂದೇ ಬರುತ್ತದೆ ಅಂತ ಕಾಯುತ್ತೀರಿ. ಬರುವುದಿಲ್ಲ. ಅನುಮಾನ ಬಂದರೆ ಹುಡುಕಾಟದಲ್ಲಿ ಆ ಪುಟದ ಹೆಸರು ಹಾಕಿ ನೇರ ಒಳಗೆ ಹೋಗಿ. ಅಲ್ಲಿ ಇವತ್ತಿನ ಪೋಸ್ಟ್ ಇದ್ದು ನಿಮ್ಮ ಫೀಡ್‌ನಲ್ಲಿ ಇಲ್ಲ ಅಂದರೆ ಮ್ಯೂಟ್ ಆಗಿದೆಯಾ ನೋಡಿ.

ಇನ್ನು ಫೇವರಿಟ್ಸ್. ಇದರಲ್ಲಿ 50 ಖಾತೆಗಳನ್ನು ಮಾತ್ರ ಸೇರಿಸಬಹುದು. ಆ ಖಾತೆಯ ಪುಟಕ್ಕೆ ಹೋಗಿ ಫಾಲೋಯಿಂಗ್ ಅನ್ನುವ ಗುಂಡಿ ಒತ್ತಿದರೆ ಫೇವರಿಟ್ಸ್‌ಗೆ ಸೇರಿಸು ಅನ್ನುವ ಆಯ್ಕೆ ಬರುತ್ತದೆ. ನೀವು ಸೇರಿಸಿದ್ದಾಗಲಿ ತೆಗೆದಿದ್ದಾಗಲಿ ಅವರಿಗೆ ತಿಳಿಯುವುದಿಲ್ಲ, ಹಾಗಾಗಿ ನೆಂಟಸ್ತಿಕೆಗೆ ಧಕ್ಕೆ ಇಲ್ಲ. ಈ ಖಾತೆಗಳ ಪೋಸ್ಟ್‌ಗಳು ಶಿಫಾರಸಿನ ಫೀಡ್‌ನಲ್ಲೂ ನಕ್ಷತ್ರದ ಗುರುತಿನೊಂದಿಗೆ ಮೇಲೆ ಬರುತ್ತವೆ.

ತಿಂಗಳಿಗೊಂದು ಫೋಟೋ ಹಾಕುವ ಚಿಕ್ಕಮ್ಮನಿಗೆ ಸರಿಯಾದ ಜಾಗ ಇದೇ. ಇಲ್ಲಿ ಅವರನ್ನು ಹೂತುಹಾಕುವಷ್ಟು ಗದ್ದಲ ಇರುವುದಿಲ್ಲ. ಆದರೆ ದಿನಕ್ಕೆ 15 ಪೋಸ್ಟ್ ಹಾಕುವ ಪುಟವನ್ನು ಇದಕ್ಕೆ ತಂದರೆ ಮತ್ತೆ ಅದೇ ಕಥೆ. ಮಳೆಗಾಲಕ್ಕೆ ನಾನು ಹೇಳುವುದಾದರೆ, ಮನೆಯವರ ಜೊತೆಗೆ ಜಿಲ್ಲಾಡಳಿತದ ಪುಟ, ಹವಾಮಾನದ ಒಂದು ಪುಟ, ನಿಮ್ಮ ತಾಲ್ಲೂಕಿನ ಸುದ್ದಿ ಸರಿಯಾಗಿ ಕೊಡುವ ಒಂದು ಪುಟ, ಇಷ್ಟು ಸಾಕು.

ಮೂರರಲ್ಲಿ ನಾನು ಜಾಸ್ತಿ ಎಚ್ಚರಿಸಬೇಕು ಅನ್ನಿಸುವುದು ಫೇವರಿಟ್ಸ್ ಬಗ್ಗೆಯೇ. ಯಾಕೆಂದರೆ ಅದು ಪೂರ್ತಿ ಇದೆ ಅನ್ನುವ ಭಾವನೆ ಕೊಡುತ್ತದೆ. ಬೇಗ ಮುಗಿಯುತ್ತದೆ, ಎಲ್ಲ ಪರಿಚಿತ ಮುಖ. ಗಾಜನೂರಿನಲ್ಲಿ ಅಣೆಕಟ್ಟೆಯ ಗೇಟ್ ತೆಗೆದ ಸುದ್ದಿಯನ್ನು ನೀವು ಆರಿಸಿದ 50 ಜನರಲ್ಲಿ ಯಾರೂ ಹಾಕದಿದ್ದರೆ, ಗೇಟ್ ತೆಗೆದೇ ಇಲ್ಲ ಅನ್ನಿಸಿಬಿಡುತ್ತದೆ. ಪಟ್ಟಿಯಲ್ಲಿ ಇಲ್ಲದವರು ಏನು ಹೇಳಿದರು ಅನ್ನುವ ಸಣ್ಣ ಸುಳಿವೂ ಅಲ್ಲಿ ಇರುವುದಿಲ್ಲ. ಸುದ್ದಿ ಕಾಣಲಿಲ್ಲ ಅಂದರೆ ನಮ್ಮ 50 ಜನ ಹೇಳಲಿಲ್ಲ ಅಂತ ಮಾತ್ರ ತಿಳಿಯಬೇಕು.

ನಮ್ಮ ಕಡೆ ನೆಟ್‌ವರ್ಕ್ ಬೇರೆ ಆಟ ಆಡಿಸುತ್ತದೆ. ಕರೆಂಟ್ ಹೋಗಿ ಟವರ್ ಕೈಕೊಟ್ಟಾಗ ಆಪ್ ತೆರೆದರೆ, ಮೊದಲು ಇಳಿಸಿಕೊಂಡಿದ್ದ ಪೋಸ್ಟ್‌ಗಳೇ ಕಾಣಬಹುದು. ಹೊತ್ತಿನ ಪ್ರಕಾರದ ಫೀಡ್ ಆದರೂ ಆಗ ಮೇಲಿನದ್ದು ಹೊಸದಲ್ಲ. ಹಾಗಾಗಿ ಫೀಡ್ ಯಾವುದೇ ಇರಲಿ, ಪೋಸ್ಟ್‌ನಲ್ಲಿ ಸಣ್ಣದಾಗಿ ಬರೆದಿರುವ ಹೊತ್ತು ನೋಡಿ. ಒಂದು ದಿನದ ಹಿಂದೆ ಅಂತ ಇದ್ದರೆ ಅದರ 'ನಾಳೆ' ಆಗಲೇ ಬಂದಾಯಿತು. ಆದೇಶದ ಫೋಟೋ ಇದ್ದರೆ ಅದರಲ್ಲಿರುವ ದಿನಾಂಕ, ತಾಲ್ಲೂಕಿನ ಹೆಸರು ಎರಡನ್ನೂ ಓದಿ. ಹಳೆಯ ಆದೇಶವನ್ನು ಯಾರೋ ಇವತ್ತು ಹೊಸದಾಗಿ ಹಾಕಿದ್ದರೆ ಪೋಸ್ಟ್‌ನ ಹೊತ್ತು ನಿಮ್ಮನ್ನು ಕಾಪಾಡುವುದಿಲ್ಲ, ಆದೇಶದ ದಿನಾಂಕ ಕಾಪಾಡುತ್ತದೆ.

ಫೇಸ್‌ಬುಕ್ ಬಳಸುವವರಿಗೂ ಎರಡು ಮಾತು. ಅಲ್ಲಿ 2022ರ ಜುಲೈನಲ್ಲಿ ಫೀಡ್ಸ್ ಅನ್ನುವ ಬೇರೆ ಜಾಗ ಬಂತು. ಅದರೊಳಗೆ ಗೆಳೆಯರು, ಗುಂಪುಗಳು, ಪುಟಗಳು, ಫೇವರಿಟ್ಸ್ ಬೇರೆ ಬೇರೆ ಸಿಗುತ್ತವೆ. ಹೊಸದು ಮೇಲೆ, ಶಿಫಾರಸು ಇಲ್ಲ, ಆದರೆ ಜಾಹೀರಾತು ಇರುತ್ತದೆ. ಫೇವರಿಟ್ಸ್ ಮಿತಿ ಅಲ್ಲಿ 30.

ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋಯಿಂಗ್ ಆರಿಸಿದರೆ ಅದು ಹಾಗೇ ನಿಲ್ಲುವುದಿಲ್ಲ. ಆಪ್ ಮುಚ್ಚಿ ಮತ್ತೆ ತೆರೆದರೆ ಶಿಫಾರಸಿನ ಫೀಡ್‌ಗೇ ಹೋಗುತ್ತದೆ. ಪ್ರತಿ ಸಲ ಆರಿಸುವುದು ಕಷ್ಟ ಅನ್ನುವವರು, ಮನೆಯ ಹಿರಿಯರ ಫೋನ್ ಸರಿಮಾಡಿಕೊಡುವವರು, ಸೆಟ್ಟಿಂಗ್ಸ್‌ಗೆ ಹೋಗಿ ಶಿಫಾರಸಿನ ಪೋಸ್ಟ್‌ಗಳನ್ನು 30 ದಿನ ತಡೆಯುವ ಆಯ್ಕೆ ಹುಡುಕಿ. ಅದನ್ನು ಒತ್ತಿದರೆ ಗುರುತಿಲ್ಲದವರ ಪೋಸ್ಟ್ ಮೊದಲ ಪುಟಕ್ಕೆ ಬರುವುದು ನಿಲ್ಲುತ್ತದೆ, ಆದರೆ ನೀವು ಫಾಲೋ ಮಾಡಿದವರದ್ದು ಹೊತ್ತಿನ ಪ್ರಕಾರ ಜೋಡಣೆ ಆಗುವುದಿಲ್ಲ. ಅವಧಿ ಮುಗಿದ ಮೇಲೆ ಅದು ತಾನಾಗಿ ಮೊದಲಿನಂತೆ ಆಗುತ್ತದೆ. ಮಳೆಗಾಲದ ಶುರುವಿಗೆ ಜೂನ್ ಒಂದಕ್ಕೆ ಒತ್ತಿದವರು ಜುಲೈ ಒಂದಕ್ಕೆ ಮತ್ತೊಮ್ಮೆ ಒತ್ತಬೇಕಾಗುತ್ತದೆ.

ನಮಸ್ಕಾರ.