‘ನಿಮ್ಮ ಡಯಾಗ್ನೋಸಿಸ್‌ ಬಗ್ಗೆ ಒಂದು ಅನುಮಾನ’: ಬೇರೆ ವಿಭಾಗದವರಿಗೆ ಬರೆಯುವ ಮೇಲ್

ಸ್ನೇಹಿತರೇ, ಒಂದು ಉದಾಹರಣೆ ಹಿಡಿದುಕೊಂಡೇ ಮಾತಾಡೋಣ. 62 ವರ್ಷದ ಮಹಿಳೆ, ಸಣ್ಣ ಸ್ಟ್ರೋಕ್ ಆಗಿ ನ್ಯೂರಾಲಜಿ ವಾರ್ಡಿನಲ್ಲಿದ್ದಾರೆ. ಸೋಡಿಯಂ 122ಕ್ಕೆ ಇಳಿದಿದೆ. ಮಂಪರಿಲ್ಲ, ಫಿಟ್ಸ್ ಇಲ್ಲ, ಬರೀ ವಾಕರಿಕೆ. ನ್ಯೂರಾಲಜಿಯವರು ಎಸ್‌ಐಎಡಿಎಚ್ ಎಂದು ಬರೆದು, ದಿನಕ್ಕೆ 800 ಮಿ.ಲೀ. ಮಾತ್ರ ನೀರು ಎಂದಿದ್ದಾರೆ. ಮೆಡಿಸಿನ್‌ನಲ್ಲಿರುವ ನಿಮಗೆ ಅದು ಒಪ್ಪಿಗೆಯಿಲ್ಲ.

ಮೊದಲು ಫೋನ್ ಮಾಡಿ. ನೀರು ಕಡಿಮೆ ಮಾಡಿರುವ ರೋಗಿಗೆ, ಮೇಲ್ ಓದುವವರೆಗೆ ಕಾಯುವಷ್ಟು ವೇಳೆ ಇರುವುದಿಲ್ಲ. ಮಾತಾಡಿದ ಮೇಲೆ ಕಾರಣಗಳನ್ನು ಮೇಲ್‌ನಲ್ಲಿ ಬರೆದು ಅವರಿಗೊಬ್ಬರಿಗೇ ಕಳಿಸಿ. ಎಚ್‌ಒಡಿಯನ್ನು ಸಿಸಿಯಲ್ಲಿ ಹಾಕಿದರೆ ಅದು ದೂರಿನಂತೆ ಕಾಣುತ್ತದೆ, ಉತ್ತರವೂ ಸಮರ್ಥನೆಯಾಗಿಯೇ ಬರುತ್ತದೆ. ಸಬ್ಜೆಕ್ಟ್‌ನಲ್ಲಿ ರೋಗಿಯ ಹೆಸರು ಬೇಡ, ಬೆಡ್ ನಂಬರ್ ಸಾಕು.

ಮೇಲ್ ಹೀಗಿರಲಿ:

“ಮೇಡಂ, ಸ್ಟ್ರೋಕ್ ಆದವರಲ್ಲಿ ಎಸ್‌ಐಎಡಿಎಚ್ ಮೊದಲು ನೆನಪಾಗುವುದು ಸಹಜ, ಯೂರಿನ್ ಆಸ್ಮೊಲಾಲಿಟಿ 480 ಇರುವುದೂ ಅದಕ್ಕೆ ಹೊಂದುತ್ತದೆ. ಆದರೆ ಯೂರಿನ್ ಸೋಡಿಯಂ 11 ಇದೆ. ಸಲೈನ್ ಹಾಕುವ ಮೊದಲೇ ತೆಗೆದ ಸ್ಯಾಂಪಲ್ ಅದು, ಡೈಯುರೆಟಿಕ್ ಕೂಡ ಇರಲಿಲ್ಲ. ಮಲಗಿದಾಗ ಬಿಪಿ 124/78, ನಿಂತಾಗ 98/64. ಮೂರು ದಿನ ಭೇದಿಯಾಗಿದೆ. ಹಾಗಾಗಿ ಇದು ಡೀಹೈಡ್ರೇಶನ್ ಇರಬಹುದು ಅನಿಸುತ್ತದೆ. ಹಾಗಿದ್ದರೆ ನೀರು ಕಡಿಮೆ ಮಾಡಿದಾಗ ಬಿಪಿ ಇನ್ನೂ ಇಳಿದು ಮೆದುಳಿಗೆ ರಕ್ತ ಸಾಲದೇ ಹೋಗಬಹುದು. 500 ಮಿ.ಲೀ. ನಾರ್ಮಲ್ ಸಲೈನ್ ನಾಲ್ಕು ಗಂಟೆಯಲ್ಲಿ ಕೊಟ್ಟು ಸೋಡಿಯಂ ಮತ್ತೆ ನೋಡೋಣವೇ? ಅದು ಇನ್ನೂ ಇಳಿದರೆ ನಿಮ್ಮ ಡಯಾಗ್ನೋಸಿಸ್ ಕಡೆಗೇ ತೂಕ ಹೆಚ್ಚು, ಸಲೈನ್ ನಿಲ್ಲಿಸುತ್ತೇನೆ. ನಾನು ಗಮನಿಸದ ಅಂಶವಿದ್ದರೆ ದಯವಿಟ್ಟು ತಿಳಿಸಿ.”

ಇದರಲ್ಲಿ ಅತಿ ಮುಖ್ಯವಾದದ್ದು ‘ಇನ್ನೂ ಇಳಿದರೆ’ ಎಂಬ ವಾಕ್ಯ. ಎಸ್‌ಐಎಡಿಎಚ್‌ನಲ್ಲಿ ಕಿಡ್ನಿ ಸಲೈನ್‌ನ ಉಪ್ಪನ್ನು ಹೊರಹಾಕಿ ನೀರನ್ನು ಉಳಿಸಿಕೊಳ್ಳುತ್ತದೆ, ಆಗ ಸೋಡಿಯಂ ಇನ್ನಷ್ಟು ಇಳಿಯಬಹುದು. ನಿಮ್ಮ ತಪ್ಪು ಎಲ್ಲಿ ಗೊತ್ತಾಗುತ್ತದೆಂದು ನೀವೇ ಮೊದಲು ಹೇಳಿಬಿಟ್ಟರೆ, ಎದುರಿನವರು ವಾದ ಬಿಟ್ಟು ರಿಪೋರ್ಟ್ ನೋಡುತ್ತಾರೆ. ‘ನೀವು ಯೂರಿನ್ ಸೋಡಿಯಂ ನೋಡಿಲ್ಲ’ ಎಂದು ಮಾತ್ರ ಬರೆಯಬೇಡಿ. ಅವರು ಬರೆದಾಗ ರಿಪೋರ್ಟ್ ಬಂದೇ ಇರಲಿಲ್ಲವೇನೋ.

ನಿಮ್ಮ ಪ್ಲಾನ್‌ನಲ್ಲಿರುವ ಅಪಾಯವನ್ನೂ ನೀವೇ ಬರೆಯಿರಿ. ದೇಹದಲ್ಲಿ ನೀರಿನಂಶ ತುಂಬಿಕೊಂಡ ಕೂಡಲೇ ಎಡಿಎಚ್ ನಿಂತು, ಮೂತ್ರ ಧಾರಾಳವಾಗಿ ಹೋಗಿ, ಸೋಡಿಯಂ ವೇಗವಾಗಿ ಏರಬಹುದು. 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕು, ಮಿತಿ ಮೀರಿದರೆ ಮೆದುಳಿನ ನರಗಳ ಹೊದಿಕೆಗೆ ಪೆಟ್ಟು. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಸೋಡಿಯಂ, ಗಂಟೆಗೊಮ್ಮೆ ಮೂತ್ರದ ಅಳತೆ. ಗಂಟೆಗೆ 100 ಮಿ.ಲೀ. ದಾಟಿದರೆ ಯಾರಿಗೆ ಫೋನ್ ಮಾಡಬೇಕೆಂಬುದೂ ಮೇಲ್‌ನಲ್ಲಿರಲಿ.

ಮೇಡಂ ಒಪ್ಪಿದರೆ ಕೇಸ್ ಶೀಟ್‌ನಲ್ಲಿ ಹಳೆಯ 800 ಮಿ.ಲೀ. ಆರ್ಡರ್ ರದ್ದು ಮಾಡಿಸಿ, ಹೊಸದನ್ನು ಬರೆಸಿ. ರಾತ್ರಿ ಪಾಳಿಯ ಸಿಸ್ಟರ್ ನೋಡುವುದು ಕೇಸ್ ಶೀಟನ್ನು, ನಿಮ್ಮ ಮೇಲನ್ನಲ್ಲ.