ನಮ್ಮೂರು ಹಳ್ಳಿಯೋ ಪಟ್ಟಣವೋ?

ಕೇಳುಗರೇ, ನಮಸ್ಕಾರ. 2011ರ ಜನಗಣತಿ ಪ್ರಕಾರ ಭಾರತದಲ್ಲಿ ನೂರಕ್ಕೆ 31 ಜನ ಪಟ್ಟಣದವರು. ವಿಶ್ವಸಂಸ್ಥೆಯ 2018ರ ಪಟ್ಟಿಯಲ್ಲಿ ಡೆನ್ಮಾರ್ಕ್ ನೋಡಿ, ನೂರಕ್ಕೆ 85ಕ್ಕೂ ಜಾಸ್ತಿ. ಆದರೆ ಆ ಪಟ್ಟಿಗೆ ವಿಶ್ವಸಂಸ್ಥೆ ಊರೂರು ಅಳೆದಿರಲಿಲ್ಲ, ಆಯಾ ದೇಶ ಯಾವುದನ್ನು ಪಟ್ಟಣ ಅಂತ ಹೇಳಿತ್ತೋ ಅದನ್ನೇ ಬರೆದುಕೊಂಡಿತ್ತು. ಡೆನ್ಮಾರ್ಕಿನಲ್ಲಿ ಮನೆಗಳು ಹತ್ತಿರ ಹತ್ತಿರ ಇದ್ದು 200 ಜನ ಇದ್ದರೆ ಸಾಕು, ಪಟ್ಟಣ!

ನಮ್ಮಲ್ಲಿ ಪುರಸಭೆಯೋ ಪಟ್ಟಣ ಪಂಚಾಯಿತಿಯೋ ಇದ್ದರೆ ಅದು ಕಾನೂನಿನ ಪ್ರಕಾರವೇ ಪಟ್ಟಣ. ಇಲ್ಲದ ಊರಿಗೆ ಜನಗಣತಿಯವರು ಮೂರು ಪರೀಕ್ಷೆ ಇಡುತ್ತಾರೆ. ಕನಿಷ್ಠ 5,000 ಜನ ಇರಬೇಕು, ಚದರ ಕಿಲೋಮೀಟರಿಗೆ 400 ಜನರಾದರೂ ಇರಬೇಕು, ಮತ್ತೆ ವರ್ಷದ ಬಹುಪಾಲು ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಹೌದು, ಗಂಡಸರು ಮಾತ್ರ. ಹೆಂಗಸರು ಗದ್ದೆಯಲ್ಲಿದ್ದರೂ ಅಂಗಡಿಯಲ್ಲಿದ್ದರೂ ಈ ಲೆಕ್ಕಕ್ಕಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಊರು ಅಂದುಕೊಳ್ಳಿ. 6,000 ಜನ, 1,600 ದುಡಿಯುವ ಗಂಡಸರು. ಅದರಲ್ಲಿ 1,150 ಮಂದಿ ಅಂಗಡಿ, ಬಸ್ಸು, ಮರಗೆಲಸ, ನೌಕರಿ ಅಂತ ಇದ್ದಾರೆ, 250 ಮಂದಿಗೆ ಭತ್ತದ ಗದ್ದೆ, ಉಳಿದ 200 ಮಂದಿಗೆ ಅಡಿಕೆ ತೋಟ. ಅಡಿಕೆಯವರೂ ಬೇಸಾಯಗಾರರೇ ಅಲ್ವಾ? ಜನಗಣತಿಯ ಪುಸ್ತಕದಲ್ಲಿ ಹಾಗಿಲ್ಲ. ಅಡಿಕೆ, ತೆಂಗು, ಕಾಫಿ, ಚಹಾ, ರಬ್ಬರ್ ಬೆಳೆಯುವವರು ಅಲ್ಲಿ ಕೃಷಿಕರ ಪಟ್ಟಿಗೆ ಸೇರುವುದಿಲ್ಲ, ‘ಇತರ ಕೆಲಸಗಾರರು’ ಅನ್ನುವ ಕಡೆ ಹೋಗುತ್ತಾರೆ. ಅವರನ್ನು ಬೇಸಾಯದ ಕಡೆ ಎಣಿಸಿದರೆ ಬೇರೆ ಕೆಲಸದವರು ನೂರಕ್ಕೆ ಸುಮಾರು 72, ಊರು ಹಳ್ಳಿ. ಇತರರ ಕಡೆ ಎಣಿಸಿದರೆ 84, ಈ ಪರೀಕ್ಷೆ ಪಾಸು. ಒಂದೇ ಊರು, ಒಂದೇ ಜನ.

ಪಾಸಾದರೂ ಇನ್ನೊಂದು ತೊಡಕಿದೆ, ಅದು ಮಲೆನಾಡಿಗೇ ಜಾಸ್ತಿ. ಊರಿನ ಗಡಿಯೊಳಗೆ ಕಾಡೂ ಸೇರಿ 20 ಚದರ ಕಿಲೋಮೀಟರ್ ಇದ್ದರೆ ಸಾಂದ್ರತೆ 300ಕ್ಕೆ ಇಳಿಯುತ್ತದೆ. ಪೇಟೆ ಬೀದಿ ಎಷ್ಟೇ ಗಿಜಿಗುಡುತ್ತಿರಲಿ, ಊರು ಹಳ್ಳಿಯೇ.

ದೇಶ ದೇಶಗಳನ್ನು ಹೋಲಿಸೋಕೆ 2020ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಬೇರೆ ದಾರಿಯೊಂದನ್ನು ಒಪ್ಪಿತು. ಭೂಮಿಯನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ಮಾಡಿ, ತಲಾ 300 ಜನರಾದರೂ ಇರುವ ಚೌಕಗಳು ಒಂದಕ್ಕೊಂದು ತಾಗಿಕೊಂಡು ಒಟ್ಟು 5,000 ಜನರಾದರೆ ಅದನ್ನು ಪಟ್ಟಣದ ಕಡೆ ಎಣಿಸುತ್ತಾರೆ. ಕಸುಬು ಕೇಳುವುದಿಲ್ಲ, ಜನರಿಲ್ಲದ ಕಾಡಿನ ಚೌಕ ತಾನೇ ಹೊರಗುಳಿಯುತ್ತದೆ. ಈ ಅಳತೆಯಲ್ಲಿ ಭಾರತದ ಪಟ್ಟಣದ ಪಾಲು 31ಕ್ಕಿಂತ ಬಹಳ ಮೇಲೆ ಹೋಗುತ್ತದೆ. ಆದರೆ ಯಾವ ಚೌಕದಲ್ಲಿ ಎಷ್ಟು ಜನ ಅಂತ ಗೊತ್ತಾಗೋಕೆ ಎಷ್ಟೋ ಕಡೆ ಉಪಗ್ರಹದ ಚಿತ್ರದಲ್ಲಿ ಕಾಣುವ ಕಟ್ಟಡಗಳನ್ನೇ ನಂಬಬೇಕು. ತೋಟದ ನೆರಳಿನಲ್ಲಿ ಒಂಟಿ ಮನೆಗಳಿರುವ ನಮ್ಮ ಕಡೆ ಆ ಲೆಕ್ಕ ತಪ್ಪುವ ಸಾಧ್ಯತೆ ಇದೆ.