ವೈಟ್‌ಫೀಲ್ಡ್‌ಗೆ ಹತ್ತಿದ ಕಾವೇರಿ ಮತ್ತೆ ಕಾವೇರಿಗೆ ಇಳಿಯುವುದಿಲ್ಲ

ನಮಸ್ಕಾರ. ಬೆಂಗಳೂರಿನ ಯಾವ ಮೂಲೆಯಲ್ಲಿ ನಿಂತು ಕೇಳಿದರೂ ಜನ "ನಮ್ಮದು ಕಾವೇರಿ ನೀರು" ಅನ್ನುತ್ತಾರೆ. ಸರಿ, ನಲ್ಲಿಗೆ ಬರುವುದು ಕಾವೇರಿಯೇ. ಆದರೆ ಅದೇ ನೀರು ಬಚ್ಚಲಿನಿಂದ ಹೊರಟ ಮೇಲೆ ಯಾವ ನದಿ ಸೇರುತ್ತದೆ? ಊರಿನ ಮುಕ್ಕಾಲು ಜಲವಿವಾದ ಈ ಪ್ರಶ್ನೆಯ ಉತ್ತರದಲ್ಲಿದೆ. ನಾವು ಅದನ್ನು ಕೇಳುವುದೇ ಇಲ್ಲ.

ಬೆಂಗಳೂರು ನದಿ ದಂಡೆಯ ಊರಲ್ಲ, ದಿಣ್ಣೆಯ ಮೇಲಿನ ಊರು. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 920 ಮೀಟರ್ ಎತ್ತರ. ಉತ್ತರದ ದೊಡ್ಡಬೆಟ್ಟಹಳ್ಳಿ ಕಡೆಯಿಂದ ದಕ್ಷಿಣಕ್ಕೆ, ಸ್ವಲ್ಪ ನೈರುತ್ಯಕ್ಕೆ ವಾಲಿಕೊಂಡು, ಊರಿನ ನಡುವೆಯೇ ಒಂದು ಏಣು ಹಾದುಹೋಗುತ್ತದೆ. ಹೆಂಚಿನ ಮನೆಯ ನಡುದೂಲ ಇದ್ದ ಹಾಗೆ. ಮಳೆ ಹನಿ ಏಣಿನ ಪಶ್ಚಿಮಕ್ಕೆ ಬಿದ್ದರೆ ವೃಷಭಾವತಿ, ಅಲ್ಲಿಂದ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಪೂರ್ವಕ್ಕೆ ಬಿದ್ದರೆ ಅದರ ದಾರಿಯೇ ಬೇರೆ. ಹಲಸೂರು ಕೆರೆಯ ಕೋಡಿ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ. ಹೆಬ್ಬಾಳ, ನಾಗವಾರದ್ದು ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ. ಎರಡೂ ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು ದಾಟಿ, ಕೃಷ್ಣಗಿರಿ ಹಾದು, ಕಡಲೂರಿನ ಹತ್ತಿರ ಸಮುದ್ರಕ್ಕೆ ಹೋಗುತ್ತವೆ. ಈ ನೀರು ಕಾವೇರಿಯ ಮುಖವನ್ನೂ ನೋಡುವುದಿಲ್ಲ.

ದಿಣ್ಣೆಯ ಮೇಲೆ ಕೂತವರಿಗೆ ಮೇಲಿನಿಂದ ಹರಿದು ಬರುವ ನದಿ ಇರುವುದಿಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಕೆರೆ ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ತಂದರು. ಅದೂ ಸಾಲದೆ 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಶಿವಾ ಅಣೆಕಟ್ಟೆಯಿಂದ ಬಂದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಮೆಟ್ಟಿಲಲ್ಲಿ ಪಂಪ್ ಮಾಡಿ ಹತ್ತಿಸುತ್ತಾರೆ. ದೂರ ಸುಮಾರು 100 ಕಿಲೋಮೀಟರ್, ಎತ್ತರ ಸುಮಾರು 500 ಮೀಟರ್.

ಈ 500 ಮೀಟರ್ ಅಂದರೆ ಎಷ್ಟು ಅನ್ನುವುದನ್ನು ಒಂದು ಮನೆಗೆ ಇಳಿಸಿ ನೋಡಿ. ಸಾವಿರ ಲೀಟರ್ ನೀರನ್ನು 500 ಮೀಟರ್ ಮೇಲೆತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಕರೆಂಟ್ ಬೇಕು. ಪಂಪು, ಮೋಟರು, ಪೈಪಿನ ಘರ್ಷಣೆಯ ನಷ್ಟ ಸೇರಿಸಿದರೆ 1.9ರ ಆಸುಪಾಸು. ನಾಲ್ಕು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ತಿಂಗಳಿಗೆ ಸುಮಾರು 16 ಸಾವಿರ ಲೀಟರ್ ಆಯಿತು. ನಿಮ್ಮ ಸಂಪಿಗೆ ನೀರು ಬೀಳುವ ಮೊದಲೇ ನಿಮ್ಮ ಹೆಸರಲ್ಲಿ 30 ಯೂನಿಟ್ ಉರಿದಿರುತ್ತದೆ. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಹತ್ತಿಸುವುದು ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಏಣಿನ ಮೇಲೆ ಊರು ಕಟ್ಟಿದ್ದಕ್ಕೆ ನಾವು ತಿಂಗಳು ತಿಂಗಳು ಕಟ್ಟುತ್ತಿರುವ ಕಂದಾಯ ಇದು.

ಈಗ ಕೋರ್ಟಿನ ಕಥೆಗೆ ಬರೋಣ. 2007ರ ಫೆಬ್ರವರಿಯಲ್ಲಿ ಕಾವೇರಿ ನ್ಯಾಯಮಂಡಳಿ ಅಂತಿಮ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯುವ ನೀರಿಗೆ ಎರಡು ಕಡೆ ಕತ್ತರಿ ಬಿತ್ತು. ಒಂದು, ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಹಾಗಾಗಿ ಲೆಕ್ಕ ಅಷ್ಟಕ್ಕೇ ಎಂದರು. ಎರಡು, ಬೇಕಾದ ನೀರಿನಲ್ಲಿ ಅರ್ಧ ಅಂತರ್ಜಲದಿಂದ ಸಿಗುತ್ತದೆ ಎಂದು ಊಹಿಸಿಕೊಂಡರು.

ಎರಡನೆಯ ಊಹೆ ಈ ನೆಲದ ಗುಣಕ್ಕೇ ಒಗ್ಗದ್ದು. ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಮತ್ತೆ ತುಂಬಿಕೊಳ್ಳುವುದು ನಿಧಾನ. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಲ್ಲಿ ನೀರು ಸಿಕ್ಕಿತು ಅಂದರೆ ಅದು ಕೂಡಿಟ್ಟ ಗಂಟು, ಆದಾಯವಲ್ಲ. ಬೋರ್ ಸೋಲುವ ಮೊದಲು ಲಕ್ಷಣ ತೋರಿಸುತ್ತದೆ. ಪಂಪ್ ಹಾಕಿದ ಮೊದಲ ಹತ್ತು ನಿಮಿಷ ಧಾರಾಳವಾಗಿ ಬಂದು, ಆಮೇಲೆ ಗಾಳಿ ಮಿಶ್ರಿತವಾಗಿ ಉಗುಳುತ್ತಾ ಬರುತ್ತದೆ. ಎರಡು ಮೂರು ಗಂಟೆ ಬಿಟ್ಟರೆ ಮತ್ತೆ ಹತ್ತು ನಿಮಿಷ. ಬಿರುಕಿನೊಳಗೆ ಒಸರುವುದಕ್ಕಿಂತ ನಾವು ಎಳೆಯುವುದು ಹೆಚ್ಚಾಗಿದೆ ಅಂತ ಅರ್ಥ. 2024ರ ಬೇಸಿಗೆಯಲ್ಲಿ, ಕಾವೇರಿ ಪೈಪ್ ಇನ್ನೂ ಮುಟ್ಟದ ಹೊರವಲಯದ ಬಡಾವಣೆಗಳು ಟ್ಯಾಂಕರ್ ಹಿಂದೆ ಓಡಿದ್ದು ಇದಕ್ಕೇ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಈ ಎರಡೂ ಆಧಾರಗಳನ್ನು ಒಪ್ಪಲಿಲ್ಲ. ಕುಡಿಯುವ ನೀರು ಎಲ್ಲಕ್ಕಿಂತ ಮೇಲು, ನಗರವನ್ನು ಕೊಳ್ಳದ ಗೆರೆ ಎಳೆದು ತುಂಡು ಮಾಡಿ ನೋಡಬಾರದು ಎಂಬ ನಿಲುವು ತಾಳಿತು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು, ಏರಿದ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನ ಹೆಸರಿನಲ್ಲಿ. ನ್ಯಾಯವಾದ ತೀರ್ಪು. ಏಣಿನ ಈಚೆ ಹುಟ್ಟಿದವನಿಗೆ ನೀರು, ಆಚೆ ಹುಟ್ಟಿದವನಿಗೆ ಇಲ್ಲ ಅನ್ನುವುದು ಯಾವ ಧರ್ಮ?

ಆದರೆ ನೀರು ಕೊಡುವಾಗ ಗೆರೆ ಅಳಿಸಬಹುದು, ಹರಿಯುವಾಗ ಅಳಿಸಲಾಗದು. ನನ್ನ ತಕರಾರು ಇಲ್ಲಿದೆ. ನ್ಯಾಯಮಂಡಳಿಯ ತೀರ್ಪಿನಲ್ಲಿ ಅಳತೆಯ ನಿಯಮವೊಂದಿದೆ: ನಗರಕ್ಕೆ ನದಿಯಿಂದ ಎತ್ತಿದ ನೀರಿನಲ್ಲಿ 20 ಶೇಕಡಾ ಮಾತ್ರ ಬಳಕೆ ಎಂದು ಬರೆದುಕೊಳ್ಳಬೇಕು. ಕುಡಿದದ್ದು, ಬೇಯಿಸಿದ್ದು, ಬಟ್ಟೆ ಒಣಗಿಸುವಾಗ ಆವಿಯಾದದ್ದು ಅಷ್ಟೇ. ಉಳಿದ 80 ಶೇಕಡಾ ಚರಂಡಿ ಹಿಡಿದು ನದಿಗೆ ಮರಳುತ್ತದೆ ಎನ್ನುವುದು ಇದರ ಹಿಂದಿನ ತರ್ಕ. ಮೈಸೂರು, ಮಂಡ್ಯದಂಥ ಊರಿಗೆ ಇದು ಒಪ್ಪುವ ಮಾತು. ಬೆಂಗಳೂರಿಗೆ?

ರಾಜಾಜಿನಗರದ ಒಂದು ಮನೆ ತೆಗೆದುಕೊಳ್ಳಿ. ಬಚ್ಚಲ ನೀರು ವೃಷಭಾವತಿ ಕಣಿವೆಗೆ ಇಳಿದು, ಬೈರಮಂಗಲ ಕೆರೆ ಹಾದು, ಕನಕಪುರದ ಕಡೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸಂಗಮ ಇರುವುದು ಬಿಳಿಗುಂಡ್ಲುವಿಗಿಂತ ಮೇಲೆ. ಅಂದರೆ ತಮಿಳುನಾಡಿಗೆ ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ಹರಿಯಿತೇ ಎಂದು ಅಳೆಯುವ ಜಾಗದಲ್ಲಿ ಆ ಮನೆಯ ಬಚ್ಚಲ ನೀರೂ ಲೆಕ್ಕಕ್ಕೆ ಸಿಗುತ್ತದೆ. ಈಗ ವೈಟ್‌ಫೀಲ್ಡ್‌ನ ಒಂದು ಮನೆ. ಅದೇ ಶಿವಾ, ಅದೇ ತೊರೆಕಾಡನಹಳ್ಳಿ, ಅದೇ ಪೈಪಿನ ನೀರು. ಆದರೆ ಬಚ್ಚಲಿನಿಂದ ಹೊರಟದ್ದು ಪಿನಾಕಿನಿಗೆ. ಹೊಸೂರಿನ ರೈತನ ಹೊಲಕ್ಕೆ ಹೋಗುತ್ತದೆ, ಅವನೂ ತಮಿಳುನಾಡಿನವನೇ, ಆದರೆ ಬಿಳಿಗುಂಡ್ಲುವಿನ ಮಾಪಕಕ್ಕೆ ಒಂದು ಹನಿಯೂ ಇಲ್ಲ.

ಒಂದು ಅಂದಾಜು ಮಾಡೋಣ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದ 775 ಎಂಎಲ್‌ಡಿ ಸೇರಿದ ಮೇಲೆ ಒಟ್ಟು ಸಾಮರ್ಥ್ಯ 2,225 ಎಂಎಲ್‌ಡಿ, ಅಂದರೆ ದಿನಕ್ಕೆ 222 ಕೋಟಿ ಲೀಟರ್‌ಗಿಂತ ಹೆಚ್ಚು. ವರ್ಷವಿಡೀ ಪೂರ್ತಿ ಓಡಿದರೆ ಸುಮಾರು 28.7 ಟಿಎಂಸಿ. ಪುಸ್ತಕದ ನಿಯಮದಂತೆ ಬಳಕೆ ಇದರ 20 ಶೇಕಡಾ, ಸುಮಾರು 5.7. ನೀರು ಊರ ತುಂಬ ಸಮನಾಗಿ ಹಂಚಿದೆ, ಮೂರನೇ ಒಂದು ಭಾಗ ಮಾತ್ರ ಕಾವೇರಿ ಮಗ್ಗುಲು ಎಂದು ಹಿಡಿದರೆ ಆ ಭಾಗದ 80 ಶೇಕಡಾ, ಅಂದರೆ 7.7ರಷ್ಟು ಕಾವೇರಿಗೆ ಮರಳುತ್ತದೆ. ಮಿಕ್ಕ 21 ಟಿಎಂಸಿ ಕಾವೇರಿಗೆ ವಾಪಸಾಗುವುದಿಲ್ಲ. ಪೈಪಿನ ಸೋರಿಕೆ, ಇಂಗುವಿಕೆ ಸೇರಿಸಿದರೆ ಅಂಕಿ ಅತ್ತಿತ್ತ ಆಗುತ್ತದೆ, ಒಪ್ಪುತ್ತೇನೆ. ಆದರೆ 5.7ಕ್ಕೂ 21ಕ್ಕೂ ಇರುವ ಅಂತರ ಸೋರಿಕೆಯಿಂದ ಮುಚ್ಚುವಂಥದ್ದಲ್ಲ. ಐದನೇ ಹಂತ ಮುಖ್ಯವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ್ದು. ಅದರಲ್ಲಿ ಮಹದೇವಪುರ, ಬೊಮ್ಮನಹಳ್ಳಿ ಕಡೆಯವು ಪಿನಾಕಿನಿ ಮಗ್ಗುಲಿನವು. ಅಂದರೆ ಅಂತರ ಬೆಳೆಯುತ್ತಲೇ ಇದೆ.

ಇದರ ಮೇಲೆ ಇನ್ನೊಂದು ಮೆಟ್ಟಿಲು. ಕೋರಮಂಗಲ–ಚಲ್ಲಘಟ್ಟ ಕಣಿವೆಯ 440 ಎಂಎಲ್‌ಡಿ ಎರಡನೇ ಹಂತಕ್ಕೆ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೂ, ಹೆಬ್ಬಾಳ–ನಾಗವಾರದ 210 ಎಂಎಲ್‌ಡಿಯನ್ನು ಚಿಕ್ಕಬಳ್ಳಾಪುರದ ಕಡೆಗೂ ಎತ್ತುವ ಯೋಜನೆ ಬಂದಿದೆ. ಅಲ್ಲಿ ಪಾಲಾರ್ ಮತ್ತು ಉತ್ತರ ಪಿನಾಕಿನಿಯ ಕೊಳ್ಳಗಳೂ ಸೇರುತ್ತವೆ. ಕಾವೇರಿಯಲ್ಲಿ ಹುಟ್ಟಿದ ನೀರು ದಕ್ಷಿಣ ಪಿನಾಕಿನಿ ಮಗ್ಗುಲಲ್ಲಿ ಬಳಕೆಯಾಗಿ, ಮೂರನೇ ಕೊಳ್ಳದಲ್ಲಿ ಇಂಗುತ್ತದೆ. ಕೋಲಾರಕ್ಕೆ ನೀರು ಹೋಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ಕೆರೆಯ ಪಕ್ಕದ ಬೋರ್‌ವೆಲ್ ನೀರನ್ನೇ ಜನ ಕುಡಿಯುತ್ತಾರೆ. ಎರಡನೇ ಹಂತದ ಸಂಸ್ಕರಣೆ ಕೊಳಕಿನ ಸಾವಯವ ಅಂಶ ಇಳಿಸುತ್ತದೆ, ನೈಟ್ರೇಟ್, ರಂಜಕ ಪೂರ್ತಿ ಹೋಗುವುದಿಲ್ಲ. ಮೂರನೇ ಹಂತದ ಸಂಸ್ಕರಣೆಯ ಖರ್ಚನ್ನು ನೀರು ಕುಡಿದ ಬೆಂಗಳೂರೇ ಕೊಡಬೇಕು, ಕೋಲಾರವಲ್ಲ.

ನಾನು ಕೇಳುವುದು ಇಷ್ಟೇ. ಮೂರು ಕಣಿವೆಗಳ ಬಾಯಲ್ಲಿ, ಅಂದರೆ ವೃಷಭಾವತಿ ಊರು ಬಿಡುವಲ್ಲಿ, ವರ್ತೂರಿನ ಕೋಡಿಯಲ್ಲಿ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಕೋಡಿಯಲ್ಲಿ ಹರಿವಿನ ಮಾಪಕ ಕೂರಿಸಿ, ಪ್ರತಿ ತಿಂಗಳು ಎಷ್ಟು ನೀರು ಎತ್ತಿದಿರಿ, ಯಾವ ಕೊಳ್ಳಕ್ಕೆ ಎಷ್ಟು ಬಿಟ್ಟಿರಿ, ಅದರ ಗುಣ ಏನು ಎಂದು ಪ್ರಕಟಿಸಿ. ಮುಂದಿನ ಸಲ ಟ್ರಿಬ್ಯೂನಲ್ ಮುಂದೆ ಎದುರಿನವರು ಈ ಲೆಕ್ಕ ತೆಗೆಯುವ ಮೊದಲು ನಮ್ಮ ಕೈಯಲ್ಲಿರಲಿ. ಹೊಸೂರಿಗೆ ಹರಿದ ನೀರನ್ನೂ ಬರೆದಿಟ್ಟರೆ, ಅದು ನಮ್ಮ ಪರವಾಗಿಯೇ ಮಾತಾಡಬಹುದು.

ನಿಮ್ಮ ಮನೆ ಯಾವ ಮಗ್ಗುಲು ಅಂತ ತಿಳಿಯಲು ಒಂದು ಭಾನುವಾರ ಸಾಕು. ಮಳೆ ಬಂದಾಗ ನಿಮ್ಮ ರಸ್ತೆಯ ಮೋರಿ ನೀರು ಯಾವ ರಾಜಕಾಲುವೆಗೆ ಬೀಳುತ್ತದೆ ನೋಡಿ. ಆಮೇಲೆ ಗೂಗಲ್ ಅರ್ತ್ ತೆರೆದು, ಕರ್ಸರ್ ಓಡಿಸಿದಾಗ ಕೆಳಗಡೆ ಕಾಣುವ ಎತ್ತರದ ಅಂಕಿ ಇಳಿಯುವ ಕಡೆಗೆ ಆ ಕಾಲುವೆಯನ್ನು ಹಿಂಬಾಲಿಸಿ, ಮುಂದಿನ ಕೆರೆ ಸಿಗುವವರೆಗೆ. ಒಂದೆರಡು ಮೀಟರ್ ಏರಿಳಿತ ಕಂಡರೆ ಅದು ಕಟ್ಟಡ, ಮರಗಳಿಂದ ಆಗುವ ತಪ್ಪು, ಅಲ್ಲಿಗೇ ನಿಲ್ಲಬೇಡಿ. ನೆನಪಿಡಿ, ಏಣಿನ ಹತ್ತಿರದ ಬಡಾವಣೆಗಳಲ್ಲಿ ಮಳೆನೀರು ಒಂದು ಕಡೆ, ಪಂಪ್ ಮಾಡಿದ ಒಳಚರಂಡಿ ಇನ್ನೊಂದು ಕಡೆ ಹೋಗಬಹುದು. ಅಲ್ಲಿ ಜಲಮಂಡಳಿಯ ನಿಮ್ಮ ಉಪವಿಭಾಗದ ಎಂಜಿನಿಯರನ್ನು ಕೇಳಿ, ನಮ್ಮ ಯುಜಿಡಿ ಯಾವ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ ಎಂದು. ಕೆರೆ ಬೆಳ್ಳಂದೂರು, ವರ್ತೂರು ಅಥವಾ ಎಲೆ ಮಲ್ಲಪ್ಪ ಶೆಟ್ಟಿ ಕಡೆ ಮುಗಿದರೆ ಪಿನಾಕಿನಿ, ಬೈರಮಂಗಲದ ಕಡೆ ಮುಗಿದರೆ ಕಾವೇರಿ. ಬಡಾವಣೆ ಹೆಸರು, ಸಿಕ್ಕ ಕೆರೆಯ ಹೆಸರು ಎರಡನ್ನೂ ಕೆಳಗೆ ಬರೆಯಿರಿ.